ಗಿಡದ ಹಸಿರು ರಾಡಿಯಾಗದಿರಲಿ

ತಮ್ಮಾ, ತಂಗೀ, ದಢೇಸುಗೂರಿನ ಭತ್ತದ ಗದ್ದೆ, ಬದುವಿನ ಬೇವು, ಬಯಲಿನ ಜಾಲಿ ಎಲ್ಲವೂ ಹಸಿರೇ. ಆದರೆ ಒಂದರಂತೆ ಇನ್ನೊಂದಿಲ್ಲ. ಜಲವರ್ಣದಲ್ಲಿ ಅವನ್ನು ಬರೆಯಲು ಕೂತಾಗ ಈ ಮಾತುಗಳು ನೆನಪಿರಲಿ.

• ರಾಡಿಯ ಮೂಲ ಕೆಂಪು. ಹಳದಿ, ನೀಲಿ, ಕೆಂಪು ಮೂರೂ ಸಮನಾಗಿ ಕೂಡಿದರೆ ಬಣ್ಣ ಕಂದು, ಬೂದಿಯತ್ತ ಜಾರುತ್ತದೆ. ನೀವು ಕೆಂಪನ್ನು ಮುಟ್ಟದಿದ್ದರೂ ಅದು ಬೇರೆ ಬಣ್ಣಗಳೊಳಗೆ ಅಡಗಿರುತ್ತದೆ. ಅಲ್ಟ್ರಾಮರೀನ್ ನೀಲಿ ನೇರಳೆಯ ಕಡೆ ವಾಲುತ್ತದೆ, ಗ್ಯಾಂಬೋಜ್ ಹಳದಿ ಕಿತ್ತಳೆಯ ಕಡೆ. ಇವೆರಡೂ ಕೂಡಿದರೆ ಮಂಕು ಹಸಿರು ಬರುತ್ತದೆ. ಜಾಲಿಗೆ ಅದು ಒಪ್ಪುತ್ತದೆ, ಭತ್ತದ ಸಸಿಗೆ ಒಪ್ಪುವುದಿಲ್ಲ.

• ಎಳೆಯ ಹಸಿರಿಗೆ ಲೆಮನ್ ಹಳದಿ ಮತ್ತು ಪ್ರಷ್ಯನ್ ನೀಲಿ ತೆಗೆದುಕೊಳ್ಳಿ. ಎರಡರಲ್ಲೂ ಕೆಂಪಿನ ಛಾಯೆ ಕಡಿಮೆ, ಆದ್ದರಿಂದ ಹಸಿರು ತಿಳಿಯಾಗಿರುತ್ತದೆ.

• ಪ್ಯಾಲೆಟ್‌ನಲ್ಲಿ ಮೊದಲು ಹಳದಿಯನ್ನು ನೀರಲ್ಲಿ ಕರಗಿಸಿ. ಆಮೇಲೆ ಬ್ರಷ್ ತುದಿಯಷ್ಟೇ ನೀಲಿ ಸೇರಿಸುತ್ತ ಹೋಗಿ. ಪ್ರಷ್ಯನ್ ಬಹಳ ಗಡುಸು ಬಣ್ಣ. ಅದನ್ನು ಮೊದಲು ಹಾಕಿದರೆ ಸರಿಪಡಿಸಲು ಹಳದಿ ಸುರಿಯುತ್ತಲೇ ಇರಬೇಕಾಗುತ್ತದೆ.

• ಒಂದು ಬೇವಿನ ಗಿಡ ಬರೆಯೋಣ. ಬಿಸಿಲು ಬಿದ್ದ ಗೊಂಚಲುಗಳಿಗೆ ಲೆಮನ್ ಹಳದಿಯಲ್ಲಿ ಚೂರು ಪ್ರಷ್ಯನ್ ಹಾಕಿ, ತೆಳ್ಳಗೆ ಬಳಿಯಿರಿ. ಒಣಗಿದ ಮೇಲೆ ನಡುವಿನ ಎಲೆಗಳಿಗೆ ಅದೇ ಬಣ್ಣಗಳಲ್ಲಿ ನೀಲಿಯನ್ನು ತುಸು ಹೆಚ್ಚಿಸಿ. ಕೊಂಬೆಗಳ ನಡುವಿನ ನೆರಳಿಗೆ ಆ ಹಸಿರಿಗೇ ಇನ್ನಷ್ಟು ಪ್ರಷ್ಯನ್ ಮತ್ತು ಒಂದಿಷ್ಟೇ ಬರ್ಂಟ್ ಸಿಯೆನಾ ಸೇರಿಸಿ. ಇಲ್ಲಿ ಕೆಂಪು ನಾವೇ ಬೇಕೆಂದು ತಂದದ್ದು, ಅದಕ್ಕೆ ನೆರಳು ಆಳವಾಗಿ ಕಾಣುತ್ತದೆ. ಚಿಗುರು ಕೆಂಪಗಿರುವ ಕಾಲದಲ್ಲಿ ತುದಿಗಳಿಗೆ ಬರ್ಂಟ್ ಸಿಯೆನಾವನ್ನೇ ತೆಳುವಾಗಿ ಮುಟ್ಟಿಸಿ. ಕಪ್ಪು ಬೇಡ, ನೆರಳು ಜೀವ ಕಳೆದುಕೊಳ್ಳುತ್ತದೆ.

• ಒಂದು ಪದರ ಪೂರ್ತಿ ಒಣಗುವ ಮುನ್ನ ಅದರ ಮೇಲೆ ಉಜ್ಜಬೇಡಿ. ಅರೆಒದ್ದೆ ಕಾಗದದಲ್ಲಿ ಕೆಳಗಿನ ಬಣ್ಣ ಎದ್ದು ಮೇಲಿನದರೊಡನೆ ಕಲಸಿಹೋಗುತ್ತದೆ. ಕೈಯ ಹಿಂಬದಿ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಹಸಿಯಿದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬಣ್ಣ ಬೇಗ ಒಣಗುತ್ತದೆ, ಆದರೆ ಬಳಿಯುವಾಗಲೇ ಅಂಚು ಕಟ್ಟುತ್ತದೆ. ಆಗ ಮುಂಜಾನೆ ಕೂತು ಬರೆಯಿರಿ.

• ಎರಡು ಲೋಟ ನೀರಿರಲಿ, ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಕೊಳಕಾದ ನೀರೂ ಮೂರನೆಯ ಬಣ್ಣವೇ.

• ಕಲಸಿದ್ದನ್ನು ತುಂಡು ಕಾಗದದ ಮೇಲೆ ಬಳಿದು ಒಣಗಿಸಿ ನೋಡಿ, ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಕಂದಾಗಿ ಕಂಡರೆ ಇನ್ನೊಂದು ಬಣ್ಣ ಹಾಕಿ ಉಳಿಸಲು ಹೋಗಬೇಡಿ. ಪ್ಯಾಲೆಟ್ ಒರೆಸಿ, ಹಳದಿಯಿಂದಲೇ ಮತ್ತೆ ಶುರುಮಾಡಿ.