ಕೆಟ್ಟಿದ್ದು ಹ್ಯಾಂಡಲ್ ಅಲ್ಲ

ಹೊಸೂರಿನ ಬಾಗಲೂರು ರಸ್ತೆಯ ಕಡೆಗಿರುವ ನಮ್ಮ ಮಲಗುವ ಕೋಣೆಗೆ ಹೊರಕ್ಕೆ ತೆರೆಯುವ ಯುಪಿವಿಸಿ ಕಿಟಕಿ. ರಾತ್ರಿಯಿಡೀ ಲಾರಿಗಳ ಸದ್ದು. ತಾಳಲಾರದೆ ಗಾಜನ್ನಷ್ಟೇ ಬದಲಿಸಿ ಜೋಡಿ ಗಾಜು ಹಾಕಿಸಿದೆ. ಸದ್ದು ತಗ್ಗಿತು. ಆದರೆ ಕೆಲವು ತಿಂಗಳಲ್ಲಿ ಹ್ಯಾಂಡಲ್ ಬಿಗಿಯಾಯಿತು. ಹ್ಯಾಂಡಲ್ಲೇ ಕೆಟ್ಟಿತೆಂದು ಹೊಸದು ತಂದು ಕೂರಿಸಿದೆ. ಅದೂ ಬಿಗಿ. ಒಂದು ದಿನ ಎರಡೂ ಕೈ ಹಾಕಿ ತಿರುಗಿಸಿದಾಗ ಒಳಗೆ ಕಟ್ ಎಂದಿತು. ಆಮೇಲೆ ಹ್ಯಾಂಡಲ್ ಸುಮ್ಮನೆ ಸುತ್ತತೊಡಗಿತು.

ಕೆಲಸಕ್ಕೆ ಬಂದ ಹುಡುಗ ಹ್ಯಾಂಡಲ್ ಮುಟ್ಟಲೇ ಇಲ್ಲ. ಕಿಟಕಿಯ ಬಾಗಿಲನ್ನು ಅರ್ಧ ತೆರೆದು, ಹ್ಯಾಂಡಲ್ ಇರುವ ಅಂಚನ್ನು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದ. ಅದು ಕುಲುಕಾಡಿತು. “ಸಾರ್, ಹಿಂಜ್ ಜಾರಿಬಿಟ್ಟಿದೆ. ಲಾಕ್ ಪಾಪ ಏನು ಮಾಡುತ್ತೆ?” ಎಂದ.

ಈ ಕಿಟಕಿಗೆ ಮೇಲೆ ಕೆಳಗೆ ಎರಡು ಫ್ರಿಕ್ಷನ್ ಹಿಂಜ್. ಪಟ್ಟಿಯಲ್ಲಿ ಓಡುವ ಪುಟ್ಟ ಸ್ಲೈಡರ್‌ನ ಉಜ್ಜಾಟದಿಂದಲೇ ಬಾಗಿಲು ತೆರೆದಲ್ಲಿ ನಿಲ್ಲುತ್ತದೆ. ಗಾಜಿನ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 2.5 ಕೆಜಿ ತೂಕ. ನನ್ನದು 2 ಅಡಿಗೆ 4 ಅಡಿ ಬಾಗಿಲು; 5 ಮಿ.ಮೀ. ಒಂಟಿ ಗಾಜಿದ್ದಾಗ ಸುಮಾರು 9 ಕೆಜಿ ಇದ್ದ ಗಾಜಿನ ತೂಕ ಜೋಡಿಯಾದ ಮೇಲೆ 18 ದಾಟಿತು. ಹಿಂಜ್ ಮಾತ್ರ ಹಳೆಯ 12 ಇಂಚಿನದೇ. ರಿವೆಟ್‌ಗಳು ಸಡಿಲವಾಗಿ ಹ್ಯಾಂಡಲ್ ಕಡೆಯ ಮೂಲೆ ಕೆಳಗಿಳಿಯಿತು. ಲಾಕಿನ ರೋಲರ್‌ಗಳು ಚೌಕಟ್ಟಿನ ಕೀಪ್‌ಗಳ ಬಾಯಿಗೆ ನೇರ ಸಿಗದೆ ಲೋಹಕ್ಕೆ ತಾಕತೊಡಗಿದವು. ನಾನು ಬಲ ಹಾಕಿದ್ದೆಲ್ಲ ಲಾಕಿನ ಗೇರ್‌ಬಾಕ್ಸ್ ಮೇಲೆ ಬಿತ್ತು.

ಸುಳಿವುಗಳು ಮೊದಲೇ ಇದ್ದವು. ಮುಚ್ಚಿದಾಗ ಹ್ಯಾಂಡಲ್ ಕಡೆ ಮೇಲಿನ ಸಂದು ಅಗಲ, ಕೆಳಗಿನದು ಕಿರಿದು. ಕೆಳ ಚೌಕಟ್ಟಿನಲ್ಲಿ ಉಜ್ಜಿದ ಗೆರೆ. ಅಲ್ಲಿದ್ದ ಪುಡಿಯನ್ನು ಗ್ರಾನೈಟ್ ಲಾರಿಗಳ ಧೂಳೆಂದು ಒರೆಸಿದ್ದೆ; ಬಾಗಿಲೇ ಕೆರೆದದ್ದು ಅದು.

ಅವನು ಕಲಿಸಿದ ಪರೀಕ್ಷೆ ಒಂದೇ: ಬಾಗಿಲು ತೆರೆದಿರುವಾಗಲೇ ಹ್ಯಾಂಡಲ್ ತಿರುಗಿಸಿ. ಆಗ ಸಲೀಸು, ಮುಚ್ಚಿದಾಗ ಬಿಗಿ ಎಂದರೆ ಲಾಕ್ ಸರಿಯಿದೆ, ಬಾಗಿಲು ಜಾರಿದೆ. ತೆರೆದಿದ್ದರೂ ಬಿಗಿಯಾದರೆ ಗೇರ್‌ಬಾಕ್ಸ್ ಹೋಗಿದೆ. ಬಾಗಿಲು ಗಾಳಿಗೆ ತಾನೇ ಹೊಡೆದುಕೊಳ್ಳುತ್ತಿದ್ದರೆ ಸ್ಲೈಡರ್‌ನ ಸ್ಕ್ರೂ ಸ್ವಲ್ಪ ಬಿಗಿದು ನೋಡಬಹುದು. ರಿವೆಟ್ ಸವೆದಿದ್ದರೆ ಅದರಿಂದ ಪ್ರಯೋಜನವಿಲ್ಲ. ಸ್ಲೈಡರ್‌ಗೆ ಎಣ್ಣೆ ಹಾಕಿದರಂತೂ ಹಿಡಿತವೇ ಹೋಗುತ್ತದೆ. ಎಣ್ಣೆ ಬೇಕಾದ್ದು ಲಾಕಿನ ರೋಲರ್‌ಗೆ.

ಕೊನೆಗೆ ಹೆಚ್ಚು ತೂಕ ಹೊರುವ 16 ಇಂಚಿನ ಹಿಂಜ್ ಜೋಡಿ, ಒಂದು ಗೇರ್‌ಬಾಕ್ಸ್ ಬದಲಾಯಿತು. ನೀವು ಹಿಂಜ್ ಕೊಳ್ಳುವಾಗ ಹಳೆಯದನ್ನೇ ಬಿಚ್ಚಿ ಅಂಗಡಿಗೆ ಒಯ್ಯಿರಿ. ಉದ್ದ ಬದಲಾದರೂ ಮಡಚಿದಾಗಿನ ದಪ್ಪ ಹೊಂದಬೇಕು. ಬಾಗಿಲಿನ ತೂಕವನ್ನೂ ಹೇಳಿ.