ಲಿಥಿಯಂ ಮಾತ್ರೆ: ಭೇದಿಯಾದಾಗ ಎಚ್ಚರ

ಅತಿ ಉತ್ಸಾಹ ಮತ್ತು ಖಿನ್ನತೆ ಸರದಿಯಂತೆ ಮರುಕಳಿಸುವ ಮಾನಸಿಕ ಕಾಯಿಲೆಗೆ ಲಿಥಿಯಂ ಇಂದಿಗೂ ಒಳ್ಳೆಯ ಔಷಧ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಇರುವ ಅಂತರ ಬಹಳ ಕಡಿಮೆ. ದೀರ್ಘಕಾಲ ಸೇವಿಸುವವರ ರಕ್ತದಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. 1.5 ದಾಟಿದರೆ ಅಪಾಯ. ಕೆಲವರಲ್ಲಿ, ಮುಖ್ಯವಾಗಿ ವಯಸ್ಸಾದವರಲ್ಲಿ, ಅದಕ್ಕೂ ಮೊದಲೇ ತೊಂದರೆ ಕಾಣಿಸಬಹುದು.

ಸೇವಿಸುವ ಮಾತ್ರೆ ಅಷ್ಟೇ ಇದ್ದರೂ ಈ ಪ್ರಮಾಣ ಏರುವುದೇಕೆ? ಅನೇಕ ಔಷಧಗಳನ್ನು ಯಕೃತ್ತು ಒಡೆದುಹಾಕುತ್ತದೆ. ಲಿಥಿಯಂ ಒಂದು ಲವಣ. ಯಕೃತ್ತು ಅದನ್ನು ಮುಟ್ಟುವುದೇ ಇಲ್ಲ. ಅದು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಭೇದಿ, ವಾಂತಿ ಅಥವಾ ವಿಪರೀತ ಬೆವರಿನಿಂದ ದೇಹದಲ್ಲಿ ಉಪ್ಪು ನೀರು ಕಡಿಮೆಯಾದರೆ ಮೂತ್ರಪಿಂಡ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಜೊತೆಗೆ ಲಿಥಿಯಂ ಕೂಡ ಉಳಿದುಬಿಡುತ್ತದೆ.

ಒಂದು ಉದಾಹರಣೆ ನೋಡಿ. 58 ವರ್ಷದ ಮಹಿಳೆ ದಿನಕ್ಕೆ 900 ಮಿಲಿಗ್ರಾಂ ಲಿಥಿಯಂ ಸೇವಿಸುತ್ತಿದ್ದಾರೆ, ರಕ್ತದಲ್ಲಿ 0.8 ಇದೆ. ಎರಡು ದಿನ ಭೇದಿಯಾಗಿ ಬರೀ ಸಪ್ಪೆ ಗಂಜಿ ಕುಡಿದರು. ಮಂಡಿನೋವಿಗೆ ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗಿದರು. ಈ ಬಗೆಯ ನೋವಿನ ಮಾತ್ರೆಗಳೂ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ನಾಲ್ಕನೆಯ ದಿನ ಲೋಟ ಹಿಡಿಯಲಾಗದಷ್ಟು ಕೈ ನಡುಗಿತು, ಮಾತು ತೊದಲಿತು, ನಡಿಗೆ ತಪ್ಪಿತು. ಮನೆಯವರು ಇದನ್ನು ನಿಶ್ಶಕ್ತಿ ಎಂದುಕೊಂಡರು. ಪರೀಕ್ಷಿಸಿದಾಗ ಲಿಥಿಯಂ 2.1ಕ್ಕೆ ಏರಿತ್ತು. ಆಸ್ಪತ್ರೆಯಲ್ಲಿ ಮಾತ್ರೆ ನಿಲ್ಲಿಸಿ ಸಲೈನ್ ಕೊಟ್ಟು, ಕೆಲವು ಗಂಟೆಗಳಿಗೊಮ್ಮೆ ರಕ್ತ ನೋಡಲಾಯಿತು. ಪ್ರಮಾಣ ಇಳಿದ ಮೇಲೂ ನಡುಕ ಕೆಲವು ದಿನ ಉಳಿಯಿತು, ಏಕೆಂದರೆ ಮಿದುಳಿನಿಂದ ಲಿಥಿಯಂ ನಿಧಾನವಾಗಿ ಹೊರಬರುತ್ತದೆ. ಪ್ರಮಾಣ ತೀರಾ ಹೆಚ್ಚಿದ್ದರೆ, ಫಿಟ್ಸ್ ಬಂದರೆ ಅಥವಾ ಮೂತ್ರಪಿಂಡ ಸೋತಿದ್ದರೆ ಡಯಾಲಿಸಿಸ್ ಬೇಕಾಗಬಹುದು.

ಕೈಬೆರಳುಗಳ ಸಣ್ಣ ನಡುಕ ಲಿಥಿಯಂ ಸೇವಿಸುವ ಹಲವರಲ್ಲಿ ಇರುತ್ತದೆ. ಆದರೆ ನಡುಕ ದೊಡ್ಡದಾಗಿ, ಅದರೊಂದಿಗೆ ವಾಂತಿ, ತೊದಲು, ತೂರಾಟ ಅಥವಾ ಮಂಪರು ಸೇರಿದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಹೋಗಿ. ಭೇದಿ, ವಾಂತಿ ಶುರುವಾದ ದಿನವೇ ವೈದ್ಯರನ್ನು ಕೇಳಿ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಲಿಥಿಯಂ ಪ್ರಮಾಣವನ್ನು ಏರಿಸುತ್ತವೆ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಲಿಥಿಯಂ ವಿಷಯ ಮೊದಲು ಹೇಳಿ. ಉಪ್ಪನ್ನು ಒಮ್ಮೆಲೇ ಬಿಡಬೇಡಿ.

ರಕ್ತ ಪರೀಕ್ಷೆಗೆ ಒಂದು ಕ್ರಮವಿದೆ. ಕೊನೆಯ ಮಾತ್ರೆ ನುಂಗಿದ 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ನುಂಗಿದ್ದರೆ ಬೆಳಿಗ್ಗೆ 9ಕ್ಕೆ ರಕ್ತ ಕೊಟ್ಟು, ಆಮೇಲೆ ಬೆಳಗಿನ ಮಾತ್ರೆ ಸೇವಿಸಿ. ಮೊದಲೇ ನುಂಗಿದರೆ ಸುಳ್ಳು ಹೆಚ್ಚಳ ಕಾಣುತ್ತದೆ. ಚಿಕಿತ್ಸೆ ಆರಂಭಿಸಿದಾಗ ಅಥವಾ ಪ್ರಮಾಣ ಬದಲಿಸಿದಾಗ ಸುಮಾರು ಒಂದು ವಾರದ ನಂತರ, ಸ್ಥಿರವಾದ ಮೇಲೆ 3ರಿಂದ 6 ತಿಂಗಳಿಗೊಮ್ಮೆ ಲಿಥಿಯಂ ಪರೀಕ್ಷೆ ಬೇಕು. 6 ತಿಂಗಳಿಗೊಮ್ಮೆ ಮೂತ್ರಪಿಂಡ, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಪರೀಕ್ಷೆಗಳನ್ನೂ ಮಾಡಿಸಿ.