ಗುಂಪಿನ ಸಾಹಸಕ್ಕೆ ಮುನ್ನ

ಡಿಸೆಂಬರ್‌ನಲ್ಲಿ ಗೆಳೆಯರೆಲ್ಲ ಸೇರಿ ಹೊರಟಿದ್ದೀರಿ. ಒಬ್ಬರಿಗೆ ಈಜು ಬಾರದು, ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಆಸ್ತಮಾ. ಏನನ್ನು ಆರಿಸುತ್ತೀರಿ?

ಪ್ಯಾರಾಗ್ಲೈಡಿಂಗ್‌ನಲ್ಲಿ ಪೈಲಟ್ ಜೊತೆಗಿದ್ದರೂ ಹಾರುವ ಮುನ್ನ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಓಡಲೇಬೇಕು. ನೆಲಕ್ಕಿಳಿಯುವಾಗಲೂ ಕಾಲಿಗೆ ಪೆಟ್ಟು ಬೀಳಬಹುದು. ಮಂಡಿನೋವಿನವರಿಗೆ ಅದು ಬೇಡ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವಿಂಗ್ ಮಾಡಲು ಈ ತಿಂಗಳು ಸಮುದ್ರ ಅನುಕೂಲವೇ. ಆದರೆ ಆಸ್ತಮಾ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗಿಳಿಯಬಾರದು. ಕಿರಿದಾದ ಶ್ವಾಸನಾಳದಲ್ಲಿ ಸಿಕ್ಕಿಕೊಂಡ ಗಾಳಿ, ಮೇಲೇರುವಾಗ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ನೆಗಡಿಯಿದ್ದವರೂ ದಡದಲ್ಲೇ ಉಳಿಯಲಿ. ಡೈವಿಂಗ್ ಮಾಡಿದವರು ಅದೇ ದಿನ ವಿಮಾನ ಹತ್ತಬೇಡಿ. ಒಂದೇ ಸಲ ಮುಳುಗಿದ್ದರೂ ಕನಿಷ್ಠ 12 ಗಂಟೆ ಬಿಡಿ.

ಈ ಗುಂಪಿಗೆ ನಾನು ಹೇಳುವುದು ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್, ಅದರಲ್ಲೂ ಸೆಳೆತ ಕಡಿಮೆಯಿರುವ ಚಿಕ್ಕ ಹಾದಿ. ಅಲ್ಲಿನ ನೀರಿನ ಮಟ್ಟ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದೆ. ಆದ್ದರಿಂದ ಆ ಬೆಳಿಗ್ಗೆಯ ಮಟ್ಟ ಕೇಳಿ ತಿಳಿಯಿರಿ. ಈಜು ಬಾರದವರ ಲೈಫ್ ಜಾಕೆಟ್ಟಿನ ಹೆಗಲಪಟ್ಟಿ ಎಳೆದು ನೋಡಿ. ಅದು ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ. ನೀರಿಗೆ ಬಿದ್ದರೆ ಎದ್ದು ನಿಲ್ಲಬೇಡಿ, ಕಾಲು ಬಂಡೆಗಳ ಸಂದಿಗೆ ಸಿಕ್ಕೀತು. ಅಂಗಾತ ತೇಲಿ, ಪಾದ ಮುಂದಿರಲಿ. ಆಸ್ತಮಾ ಇದ್ದವರು ಇನ್‌ಹೇಲರನ್ನು ನೀರು ತಾಗದ ಚೀಲದಲ್ಲಿಟ್ಟು ಗೈಡ್ ಕೈಗೆ ಕೊಡಿ.